‘ಪ್ರೆಶರ್ ಸೊನ್ನೆ ಇರಬೇಕು’ ಅಂತ ಬರೆದು ಸಿಕ್ಕಾಕ್ಕೊಂಡ ಕಥೆ

ನಾನು ಪೀಣ್ಯದಲ್ಲಿ ಒಂದು ಹೈಡ್ರಾಲಿಕ್ ಪ್ರೆಸ್ ಮಾಡೋ ಕಂಪನೀಲಿ ಮ್ಯಾನ್ಯುಯಲ್ ಬರೆಯೋ ಕೆಲಸದಲ್ಲಿದೀನಿ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಮೊದಲು ಅಸೆಂಬ್ಲೀಲಿದ್ದೆ, ಬೆನ್ನುನೋವು ಬಂದ್ಮೇಲೆ ‘ನೀನು ಇಂಗ್ಲಿಷ್ ಚೆನ್ನಾಗಿ ಬರೀತೀಯಲ್ಲ’ ಅಂತ ಮೇಲಿನ ಮಹಡಿಗೆ ಕಳಿಸಿದ್ರು. ನಾನು ಇಂಗ್ಲಿಷಲ್ಲಿ ಬರೀತೀನಿ, ಅದು ಒರಿಜಿನಲ್. ಆಮೇಲೆ ಅದು ಡೀಲರ್ ಕಡೆಯಿಂದ ಒಂದು ಏಜೆನ್ಸಿಗೆ ಹೋಗಿ ಜರ್ಮನ್ ಆಗತ್ತೆ, ಯಾಕಂದ್ರೆ ಯೂರೋಪಲ್ಲಿ ಮೆಷಿನ್ ಮಾರಬೇಕಾದ್ರೆ ಆಯಾ ದೇಶದ ಭಾಷೇಲೇ ಮ್ಯಾನ್ಯುಯಲ್ ಕೊಡಬೇಕು, ಮೂಲದ್ದರ ಮೇಲೆ ‘ಮೂಲ ಸೂಚನೆಗಳು’ ಅಂತ, ಅನುವಾದದ ಮೇಲೆ ‘ಮೂಲ ಸೂಚನೆಗಳ ಅನುವಾದ’ ಅಂತ ಹಾಕ್ಬೇಕು, ಅಲ್ಲಿನ 2006ರ ಮೆಷಿನರಿ ಡೈರೆಕ್ಟಿವ್ ಅನ್ನೋ ಕಾನೂನು ಅಷ್ಟು ಖಡಕ್ಕಾಗಿ ಹೇಳತ್ತೆ. ಇಲ್ಲಿ ನಮ್ಮಲ್ಲಿ ಅಂಥ ಒತ್ತಡ ಯಾರೂ ಹಾಕಿರಲಿಲ್ಲ. ತುಮಕೂರು ಕಡೆ ಒಬ್ಬ ಕಸ್ಟಮರ್ ‘ನಮ್ಮ ಹುಡುಗ್ರಿಗೆ ಕನ್ನಡದಲ್ಲಿ ಕೊಡಿ’ ಅಂತ ಪರ್ಚೇಸ್ ಆರ್ಡರಲ್ಲೇ ಬರೆದ ಮೇಲೆ ಮೊದಲ ಸಲ ಕನ್ನಡ ಮ್ಯಾನ್ಯುಯಲ್ ಮಾಡಿಸಿದ್ವಿ.

ಅದನ್ನ ಕಳಿಸಿ ನಾಲ್ಕು ತಿಂಗಳಿಗೆ ಫೋನ್ ಬಂತು.

63 ಟನ್ ಪ್ರೆಸ್ಸು, ಅಕ್ಯುಮುಲೇಟರ್ ಇರೋ ಹಳೇ ಮಾಡೆಲ್. ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿನ ಕಥೆ ಅರ್ಥ ಆಗಲ್ಲ. ಅಕ್ಯುಮುಲೇಟರ್ ಅಂದ್ರೆ ದಪ್ಪ ಸ್ಟೀಲಿನ ಬಾಟ್ಲಿ, ಒಳಗೆ ರಬ್ಬರಿನ ಚೀಲ, ಚೀಲದೊಳಗೆ ನೈಟ್ರೋಜನ್ ಗ್ಯಾಸ್ ತುಂಬಿರ್ತಾರೆ, ನಮ್ಮ ಮೆಷಿನಲ್ಲಿ 100 ಬಾರ್. ಪಂಪು ಎಣ್ಣೆಯನ್ನ ಬಾಟ್ಲಿಗೆ ತಳ್ಳಿದಾಗ ಚೀಲ ಅಮುಕಿಕೊಂಡು 160 ಬಾರ್‌ವರೆಗೂ ಏರತ್ತೆ, ರ್‍ಯಾಮ್ ಅನ್ನೋ ಒತ್ತೋ ಭಾಗ ಜೋರಾಗಿ ಇಳಿಯೋವಾಗ ಆ ಎಣ್ಣೆ ವಾಪಸ್ ನುಗ್ಗಿ ಪಂಪಿಗೆ ಸಹಾಯ ಮಾಡತ್ತೆ. ಪಂಪಿಗೂ ಬಾಟ್ಲಿಗೂ ನಡುವೆ ಒಂದು ಚೆಕ್ ವಾಲ್ವ್, ಅಂದ್ರೆ ಎಣ್ಣೆ ಒಂದೇ ಕಡೆ ಹೋಗತ್ತೆ, ಹಿಂದಕ್ಕೆ ಬರಲ್ಲ. ಹಂಗಾಗಿ ಮೋಟರ್ ಆಫ್ ಮಾಡಿದ್ರೆ ಪಂಪ್ ಕಡೆ ಪ್ರೆಶರ್ ಕಣ್ಣು ಮಿಟುಕಿಸೋದ್ರೊಳಗೆ ಸೊನ್ನೆ, ಬಾಟ್ಲಿ ಕಡೆ 160 ಬಾರ್ ಹಂಗೇ ಕೂತಿರತ್ತೆ, ಊಟ ಮುಗಿಸಿ ಬಂದ್ರೂ ಇರತ್ತೆ, ಎಷ್ಟೋ ಸಲ ಮರುದಿನ ಬೆಳಿಗ್ಗೆವರೆಗೂ. ಅದನ್ನ ಖಾಲಿ ಮಾಡೋಕೆ ಕೆಂಪು ಹಿಡಿಯ ಒಂದು ಬ್ಲೀಡ್ ವಾಲ್ವ್ ಇದೆ, ಅದನ್ನ ತಿರುಗಿಸಿ ತೆರೆದ್ರೆ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗತ್ತೆ. ಪಂಪ್ ಕಡೆ ಒಂದು ಗೇಜು, ಪಿ1. ಬಾಟ್ಲಿ ಕಡೆ ಒಂದು ಗೇಜು, ಪಿ2. ಪಿ1 ಇರೋದು ಪ್ಯಾನೆಲ್ ಪಕ್ಕ, ಕಣ್ಣಿಗೆ ನೇರ. ಪಿ2 ಇರೋದು ಹಿಂದೆ, ಮೊಣಕಾಲ ಮಟ್ಟದಲ್ಲಿ.

ಆಗಿದ್ದೇನಂದ್ರೆ ಅಲ್ಲಿನ ಫಿಟ್ಟರ್ ಬಾಟ್ಲಿ ಕಡೆ ಇರೋ ಪ್ರೆಶರ್ ಫಿಲ್ಟರಿನ ಎಲಿಮೆಂಟ್ ಬದಲಾಯಿಸೋಕೆ ಅದು ಕೂತಿರೋ ಬಟ್ಟಲು, ಅಂದ್ರೆ ಬೌಲ್, ಬಿಚ್ಚೋಕೆ ಹೋಗಿದಾನೆ, ಬೌಲ್ ತಿರುಗ್ಲಿಲ್ಲ, ಸ್ಪ್ಯಾನರಿಗೆ ಪೈಪ್ ಹಾಕಿ ಎಳೆದಿದಾನೆ, ಅರ್ಧ ಸುತ್ತು ಬಂತೋ ಇಲ್ವೋ ಓ-ರಿಂಗ್ ಸಂದಿಯಿಂದ ಎಣ್ಣೆ ಬಾಣದ ಥರ ಚಿಮ್ಮಿ ಎದುರಿನ ಕಂಬಕ್ಕೆ ಬಡಿದಿದೆ. ಪೈಪ್ ಹಿಡ್ಕೊಂಡು ಪಕ್ಕಕ್ಕೆ ನಿಂತಿದ್ರಿಂದ ಬಚಾವ್. ಕೈ ಅಡ್ಡ ಇದ್ದಿದ್ರೆ ಆ ಎಣ್ಣೆ ಚರ್ಮ ತೂತು ಮಾಡಿ ಒಳಗೇ ಹೋಗಿರೋದು, ಮೇಲೆ ನೋಡಿದ್ರೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಅಂಗಾಂಶ ಕೊಳೆಯೋಕೆ ಶುರು, ತಕ್ಷಣ ಆಪರೇಷನ್ ಆಗದೇ ಇದ್ರೆ ಬೆರಳು ತೆಗೀಬೇಕಾಗೋ ಥರದ್ದು.

ಸರ್ವಿಸ್ ಇಂಜಿನಿಯರ್ ಜೊತೆ ನಾನೂ ಹೋದೆ. ಹೋಗುವಾಗ ಕಾರಲ್ಲಿ ಮನಸ್ಸಲ್ಲಿ ಒಂದೇ ಲೆಕ್ಕ, ‘ಮ್ಯಾನ್ಯುಯಲ್ ಓದಿರಲ್ಲ ಬಿಡು’. ಮ್ಯಾನ್ಯುಯಲ್ ಬರೆಯೋರೆಲ್ಲ ಹಿಂಗೇ ಸಮಾಧಾನ ಮಾಡ್ಕೊಳ್ಳೋದು.

ಆ ಮನುಷ್ಯ ಓದಿದ್ದ. ಮೆಷಿನ್ ಪಕ್ಕ ಪ್ಲಾಸ್ಟಿಕ್ ಕವರಲ್ಲಿ ಆ ಪುಟದ ಜೆರಾಕ್ಸ್ ನೇತು ಹಾಕಿದ್ದ. ಬೆರಳಿಟ್ಟು ತೋರಿಸಿದ.

“ನೋಡಿ ಸಾರ್, ನೀವೇ ಬರ್ದಿದೀರಿ. ‘ಫಿಲ್ಟರ್ ತೆರೆಯುವ ಮೊದಲು ಪ್ರೆಶರ್ ಸೊನ್ನೆ ಇರಬೇಕು’. ಪಂಪ್ ಆಫ್ ಮಾಡಿದೀನಿ, ಇನ್ನೇನು, ಸೊನ್ನೆ ಇರ್ಬೇಕು ಅಂದ್ಕೊಂಡೆ. ಗೇಜೂ ನೋಡ್ದೆ, ಸೊನ್ನೇನೇ ಇತ್ತು.”

ಅವನು ಮಾತಾಡಿದ್ದು ಕೇಳಿ ನಾನು ಒಂದು ನಿಮಿಷ ಸುಮ್ನೆ ನಿಂತ್ಬಿಟ್ಟೆ. ‘ಇರಬೇಕು’. ಕನ್ನಡದಲ್ಲಿ ಇದಕ್ಕೆ ಎರಡು ಅರ್ಥ ಅಲ್ವಾ. ‘ಹೆಲ್ಮೆಟ್ ತಲೆ ಮೇಲೆ ಇರಬೇಕು’ ಅಂದ್ರೆ ಕಡ್ಡಾಯ. ‘ಅವ್ರು ಮನೇಲಿ ಇರಬೇಕು’ ಅಂದ್ರೆ ಪ್ರಾಯಶಃ ಇದಾರೆ, ಹೋಗಿ ನೋಡು. ನನ್ನ ಇಂಗ್ಲಿಷ್ ಸಾಲು ತೆಗೆದು ನೋಡಿದ್ರೆ ‘ಪ್ರೆಶರ್ ಶುಡ್ ಬಿ ಝೀರೋ ಬಿಫೋರ್ ಓಪನಿಂಗ್ ದ ಫಿಲ್ಟರ್’. ಇಂಗ್ಲಿಷಿನ ‘ಶುಡ್’ಗೂ ಅದೇ ಕಾಯಿಲೆ ಇದೆ, ಅಪ್ಪಣೆನೂ ಹೌದು ಅಂದಾಜೂ ಹೌದು. ಅನುವಾದ ಮಾಡಿದ ಮೇಡಂ ತಪ್ಪೇನೂ ಮಾಡಿಲ್ಲ, ನನ್ನ ಮಬ್ಬನ್ನ ಹಂಗೇ ನೀಟಾಗಿ ಕನ್ನಡಕ್ಕೆ ಎತ್ತಿ ಇಟ್ಟಿದಾರೆ. ಅದೇ ಜರ್ಮನ್ ಕಾಪೀಲಿ ಆ ಅನುವಾದಕ ಎರಡರಲ್ಲಿ ಒಂದನ್ನ ತಾನೇ ಆರಿಸ್ಕೊಂಡು ಕಡ್ಡಾಯದ ಅರ್ಥದಲ್ಲಿ ಬರೆದಿದ್ದ, ಅದೃಷ್ಟ ಚೆನ್ನಾಗಿತ್ತು, ಸರಿಯಾದ್ದನ್ನೇ ಆರಿಸಿದ್ದ. ನಾನು ಮಬ್ಬಾಗಿ ಬರೆದ್ರೆ ಒಂದು ಭಾಷೇಲಿ ಮಬ್ಬು ಮಬ್ಬಾಗೇ ಉಳಿಯತ್ತೆ, ಇನ್ನೊಂದರಲ್ಲಿ ಅನುವಾದಕ ನನ್ನ ಪರವಾಗಿ ನಿರ್ಧಾರ ಮಾಡ್ತಾನೆ, ಆ ನಿರ್ಧಾರ ನನಗೆ ಗೊತ್ತೂ ಆಗಲ್ಲ.

ಇನ್ನು ಅವನು ನೋಡಿದ ಗೇಜು ಯಾವುದು ಅಂತ ಹೇಳ್ಬೇಕಾಗಿಲ್ಲ ಅಲ್ವಾ. ಪಿ1. ನಾನು ಬರೆದಿದ್ದೂ ‘ಪ್ರೆಶರ್’ ಅಂತ ಅಷ್ಟೇ, ಯಾವ ಪ್ರೆಶರ್, ಎಲ್ಲಿ ನೋಡೋದು, ಸೊನ್ನೆ ಇಲ್ಲದಿದ್ರೆ ಏನ್ ಮಾಡೋದು, ಒಂದೂ ಇಲ್ಲ. ಮಾಡೋನಿಗೆ ಕೆಲಸ ಹೇಳೋ ಬದಲು ಮೆಷಿನ್ನಿನ ಸ್ಥಿತಿ ವರ್ಣನೆ ಮಾಡಿದ್ದೆ. ‘ಇರಬೇಕು’ ಅನ್ನೋ ವಾಕ್ಯದಲ್ಲಿ ಕರ್ತೃ ಪ್ರೆಶರ್ರೇ ಹೊರತು ಫಿಟ್ಟರ್ ಅಲ್ಲ, ಪ್ರೆಶರ್ ತಾನಾಗೇ ಸೊನ್ನೆ ಆಗ್ಬೇಕು ಪಾಪ.

ಅದೇ ಪುಟದಲ್ಲಿ ಇನ್ನೊಂದು ಸಾಲು ಓದಿ ಅಂದೆ, ಯಾವುದೋ ಒಂದರ ಮೇಲೆ ಬೆರಳಿಟ್ಟೆ. ‘ಪ್ಲಗ್ ಸಡಿಲಿಸಿ ಬೌಲ್ ತೆಗೆಯಬೇಡಿ’. ಏನರ್ಥ ಅಂತ ಕೇಳಿದೆ. ಫಿಟ್ಟರ್ ಹೇಳಿದ, “ಪ್ಲಗ್ ಸಡಿಲ ಮಾಡ್ಬೇಕು, ಆದ್ರೆ ಬೌಲ್ ತೆಗೀಬಾರ್ದು”. ಪಕ್ಕದಲ್ಲಿದ್ದ ಹೆಲ್ಪರ್ ಹುಡುಗ, “ಇಲ್ಲಣ್ಣ, ಪ್ಲಗ್ ಲೂಸ್ ಮಾಡ್ಕೊಂಡು ಬೌಲ್ ತೆಗೀಬೇಡಿ ಅಂತ, ಎರಡೂ ಮಾಡಂಗಿಲ್ಲ”. ಇಬ್ಬರೂ ನನ್ನ ಮುಖ ನೋಡಿದ್ರು. ನನಗೇನು ಉತ್ತರ ಇತ್ತು? ಎರಡೂ ಸರಿ. ‘ಸಡಿಲಿಸಿ’ ಅನ್ನೋದು ‘ನೀವು ಸಡಿಲಿಸಿ’ ಅನ್ನೋ ಅಪ್ಪಣೆಯೂ ಆಗತ್ತೆ, ‘ಸಡಿಲಿಸಿಕೊಂಡು’ ಅನ್ನೋ ಅರ್ಧ ಕ್ರಿಯೆಯೂ ಆಗತ್ತೆ. ತಿರುಗಿಸಿ, ನಿಲ್ಲಿಸಿ, ಜೋಡಿಸಿ, ಮ್ಯಾನ್ಯುಯಲ್ಲಲ್ಲಿ ದಿನಾ ಬರೋ ಇಂಥ ಕ್ರಿಯಾಪದಗಳೆಲ್ಲ ಇದೇ ಜಾತಿ. ಮೂಲ ಇಂಗ್ಲಿಷಲ್ಲಿ ‘ಡು ನಾಟ್ ಲೂಸನ್ ದ ಪ್ಲಗ್ ಆಂಡ್ ರಿಮೂವ್ ದ ಬೌಲ್ ವೈಲ್ ದ ಸಿಸ್ಟಮ್ ಈಸ್ ಪ್ರೆಶರೈಸ್ಡ್’ ಅಂತ ಇತ್ತು, ‘ಡು ನಾಟ್’ ಮೊದಲೇ ಬಂದು ಎರಡರ ಮೇಲೂ ಕೂರತ್ತೆ (ಇಂಗ್ಲಿಷಲ್ಲೂ ವಾದ ಮಾಡ್ಬೋದು, ಇರ್ಲಿ). ಕನ್ನಡದಲ್ಲಿ ‘ಬೇಡಿ’ ಬರೋದು ಕೊನೇಲಿ, ಕೊನೇ ಕ್ರಿಯಾಪದಕ್ಕೆ ಅಂಟ್ಕೊಂಡು. ಅದು ಮೊದಲನೇ ಕ್ರಿಯೆಯವರೆಗೂ ಕೈ ಚಾಚತ್ತಾ ಇಲ್ವಾ ಅನ್ನೋದು ಓದೋನ ಮರ್ಜಿ. ಮೇಲಾಗಿ ನಮ್ಮ ಡಿಟಿಪಿಯೋನು ಕಾಲಂ ಚಿಕ್ಕದು ಅಂತ ‘ತೆಗೆಯ’ ಒಂದು ಸಾಲು ‘ಬೇಡಿ’ ಮುಂದಿನ ಸಾಲು ಮಾಡಿದ್ದ. ಜೆರಾಕ್ಸಲ್ಲಿ ಆ ಕೆಳಗಿನ ಸಾಲು ಅರ್ಧ ಅಳಿಸಿತ್ತು. ‘ಬೌಲ್ ತೆಗೆಯ’.

ವಾಪಸ್ ಬಂದು ಸೇಫ್ಟಿ ಪುಟಗಳನ್ನ ಮತ್ತೆ ಬರೆಯೋಕೆ ಕೂತೆ. ಮೊದಲ ಜಗಳ ಡಿಸೈನ್ ಸೆಕ್ಷನ್ ಜೊತೆ. ಯಾಕಂದ್ರೆ ಮಷಿನ್ನು ತಾನಾಗೇ ಬಾಟ್ಲಿ ಖಾಲಿ ಮಾಡ್ಕೊಳ್ಳೋ ಹಂಗೆ ಇದ್ರೆ ನಾನು ಇಷ್ಟು ಬರೆಯೋದೇ ಬೇಡ, ಮೋಟರ್ ಆಫ್ ಆದ ತಕ್ಷಣ ತೆರ್ಕೊಳ್ಳೋ ಒಂದು ಡಂಪ್ ವಾಲ್ವ್ ಹಾಕಿದ್ರೆ ಆಯ್ತು. ಐಎಸ್‌ಒ 12100 ಅನ್ನೋ ಮೆಷಿನ್ ಸೇಫ್ಟಿ ಮಾನದಂಡ ಹೇಳೋ ಕ್ರಮಾನೂ ಅದೇ, ಮೊದಲು ಡಿಸೈನಲ್ಲೇ ಅಪಾಯ ತೆಗೀರಿ, ಆಗದಿದ್ರೆ ಗಾರ್ಡ್ ಥರದ್ದು ಹಾಕಿ, ಅದಾದ ಮೇಲೂ ಉಳಿದಿದ್ದಕ್ಕೆ ಮಾತ್ರ ಎಚ್ಚರಿಕೆ ಬರೀರಿ. ಹೊಸ ಮಾಡೆಲಲ್ಲಿ ಡಂಪ್ ವಾಲ್ವ್ ಬಂತು. ಹಳೇವು ಫೀಲ್ಡಲ್ಲಿ ಇದಾವಲ್ಲ, ಅವಕ್ಕೆ ಬರವಣಿಗೆಯೇ ಗತಿ, ಹಂಗಾಗಿ ನಾನು ಬರೆಯೋದು ತಪ್ಪಲಿಲ್ಲ.

ಎರಡನೇದು ತಲೆಬರಹದ ಪದ. ನನ್ನ ಹಳೇ ಇಂಗ್ಲಿಷಲ್ಲಿ ಈ ಸಾಲಿನ ಮೇಲೆ ‘ಕಾಷನ್’ ಅಂತ ಇತ್ತು. ಯಾಕೆ ಕಾಷನ್ ಅಂದ್ರೆ ಗೊತ್ತಿಲ್ಲ, ಹಿಂದಿನ ಮ್ಯಾನ್ಯುಯಲಲ್ಲಿ ಹಂಗೇ ಇತ್ತು, ಕಾಪಿ ಹೊಡೆದಿದ್ದೆ. ಅಮೆರಿಕದ ಆನ್ಸಿ ಝಡ್535 ಅನ್ನೋ ಸೇಫ್ಟಿ ಮಾನದಂಡದ ಪ್ರಕಾರ ಈ ಪದಗಳಿಗೆ ಬಿಗಿಯಾದ ಅರ್ಥ ಇದೆ. ತಪ್ಪಿಸದಿದ್ರೆ ಸಾವು ಅಥವಾ ಗಂಭೀರ ಗಾಯ ಆಗೇ ಆಗತ್ತೆ ಅಂದ್ರೆ ಡೇಂಜರ್. ಆಗೋ ಸಾಧ್ಯತೆ ಇದೆ ಅಂದ್ರೆ ವಾರ್ನಿಂಗ್. ಸಣ್ಣ ಅಥವಾ ಮಧ್ಯಮ ಗಾಯದ ಸಾಧ್ಯತೆ ಅಂದ್ರೆ ಕಾಷನ್. ಮನುಷ್ಯರಿಗೆ ಏನೂ ಆಗಲ್ಲ, ಮೆಷಿನ್ ಹಾಳಾಗತ್ತೆ ಅಂದ್ರೆ ನೋಟೀಸ್. ಗೊಂದಲ ಎಲ್ಲಿ ಅಂದ್ರೆ, ವಿಮಾನದ ಮ್ಯಾನ್ಯುಯಲ್ ಬರೆಯೋರು ಬಳಸೋ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷಲ್ಲಿ ಕಾಷನ್ ಅಂದ್ರೆ ಉಪಕರಣಕ್ಕೆ ಹಾನಿ ಅಂತ ಅರ್ಥ, ಗಾಯದ ವಿಷಯಕ್ಕೆಲ್ಲ ವಾರ್ನಿಂಗ್. ನಮ್ಮ ಆಫೀಸಲ್ಲಿ ಒಬ್ಬರು ಏರೋಸ್ಪೇಸ್ ಕಡೆಯಿಂದ ಬಂದೋರು, ಇನ್ನೊಬ್ಬರು ಅಮೆರಿಕಾ ಎಕ್ಸ್‌ಪೋರ್ಟ್ ಮಾಡ್ತಿದ್ದೋರು, ಒಂದೇ ಪದ, ಒಂದೇ ಟೇಬಲ್, ಇಬ್ಬರ ತಲೇಲಿ ಬೇರೆ ಬೇರೆ ಅರ್ಥ, ಎಷ್ಟೋ ವರ್ಷದಿಂದ ಹಿಂಗೇ ನಡೀತಿತ್ತು. 160 ಬಾರಿನ ಎಣ್ಣೆ ಕೈಗೆ ನುಗ್ಗೋದು ಯಾವ ಲೆಕ್ಕದಲ್ಲೂ ಸಣ್ಣ ಗಾಯ ಅಲ್ಲ. ವಾರ್ನಿಂಗ್ ಮಾಡಿದೆ.

ಕನ್ನಡದಲ್ಲಿ ಇದು ಇನ್ನೂ ಮಜವಾಗಿತ್ತು. ಹಳೇ ಅನುವಾದದಲ್ಲಿ ವಾರ್ನಿಂಗೂ ‘ಎಚ್ಚರಿಕೆ’, ಕಾಷನ್ನೂ ‘ಎಚ್ಚರಿಕೆ’, ಎರಡು ಕಡೆ ನೋಟೀಸ್ ಕೂಡ ‘ಎಚ್ಚರಿಕೆ’! ಬಣ್ಣದಲ್ಲಿ ಗೊತ್ತಾಗತ್ತೆ ಬಿಡಿ, ವಾರ್ನಿಂಗ್ ಕಿತ್ತಳೆ ಕಾಷನ್ ಹಳದಿ ಅಂತ ಮೇಡಂ ಅಂದ್ರು, ಆ ಕಪ್ಪು ಬಿಳುಪು ಜೆರಾಕ್ಸ್ ಫೋಟೋ ತೋರಿಸಿದೆ, ಸುಮ್ನಾದ್ರು. ಕೊನೆಗೆ ಅಪಾಯ, ಎಚ್ಚರಿಕೆ, ಜಾಗ್ರತೆ, ಸೂಚನೆ ಅಂತ ನಾಲ್ಕು ಪದ ಇಟ್ಕೊಂಡು ಮೊದಲ ಪುಟದಲ್ಲೇ ಯಾವುದಕ್ಕೆ ಏನರ್ಥ ಅಂತ ಬರೆದ್ವಿ. ಆದ್ರೆ ಪ್ರಾಮಾಣಿಕವಾಗಿ ಹೇಳ್ತೀನಿ, ಎಚ್ಚರಿಕೆಗೂ ಜಾಗ್ರತೆಗೂ ನಡುವೆ ಇರೋ ವ್ಯತ್ಯಾಸ ನಾವು ಹುಟ್ಟಿಸಿದ್ದು, ಜನರ ಬಾಯಲ್ಲಿ ಅದು ಇಲ್ಲ. ಮೊದಲ ಪುಟ ಓದಿ ನೆನಪಿಟ್ಕೊಂಡು ಬಂದು ಬೌಲ್ ಬಿಚ್ಚೋರು ಯಾರೂ ಸಿಗಲ್ಲ. ಅದಕ್ಕೇ ಪದದ ಮೇಲೆ ಭಾರ ಹಾಕೋದು ಬಿಟ್ಟು, ಪ್ರತಿ ಎಚ್ಚರಿಕೇಲೂ ‘ಏನಾಗತ್ತೆ’ ಅನ್ನೋ ಸಾಲು ಬಿಚ್ಚಿ ಬರೀಬೇಕು ಅಂತ ಮಾಡಿದ್ವಿ. ‘ಗಾಯವಾಗಬಹುದು’ ಅಲ್ಲ, ಎಣ್ಣೆ ಚರ್ಮದೊಳಗೆ ಹೋಗತ್ತೆ ಅಂತ. ಅದು ಜೆರಾಕ್ಸಲ್ಲೂ ಉಳಿಯತ್ತೆ.

ಆಮೇಲೆ ಮೂಲ ಇಂಗ್ಲಿಷ್. ಅನುವಾದ ರಿಪೇರಿ ಮಾಡಿದ್ರೆ ಸಾಲದು, ಮುಂದಿನ ಸಲ ಮರಾಠಿಗೋ ಟರ್ಕಿಶ್‌ಗೋ ಹೋದಾಗ ಇದೇ ಹಾಡು. ‘ಶುಡ್’ ಪೂರ್ತಿ ಕಿತ್ತು ಹಾಕಿದೆ. ಕಡ್ಡಾಯ ಇದ್ದ ಕಡೆ ನೇರ ಅಪ್ಪಣೆ, ಅಂದಾಜು ಇದ್ದ ಕಡೆ ಅಂದಾಜೇ ಬೇಡ, ಅಳತೆ. ‘ಮೇ’ ಕೂಡ ತೆಗೆದೆ, ಯಾಕಂದ್ರೆ ‘ನೌ ದ ಬೌಲ್ ಮೇ ಬಿ ರಿಮೂವ್ಡ್’ ಅನ್ನೋದು ಕನ್ನಡದಲ್ಲಿ ‘ಈಗ ಬೌಲ್ ತೆಗೆಯಬಹುದು’ ಆಗತ್ತೆ, ಅದು ಪರವಾನಗಿಯಾ ಇಲ್ಲ ಯಾರೋ ತೆಗೆಯೋ ಸಾಧ್ಯತೆಯಾ ಅಂತ ಬೇಕಂತಲೇ ಓದೋರು ಓದ್ತಾರೆ. ‘ಬೌಲ್ ತೆಗೆಯಿರಿ’, ಮುಗೀತು. ನಿಷೇಧದ ವಾಕ್ಯದಲ್ಲಿ ಒಂದೇ ಕ್ರಿಯಾಪದ, ಎರಡು ಬೇಡ ಅನ್ನೋದಿದ್ರೆ ಎರಡು ವಾಕ್ಯ. ಇದೊಂದು ನಿಯಮ ಮೊದಲೇ ಇದ್ದಿದ್ರೆ ‘ಸಡಿಲಿಸಿ ತೆಗೆಯಬೇಡಿ’ ಹುಟ್ತಾನೇ ಇರಲಿಲ್ಲ.

ಹುಡುಕ್ತಾ ಹೋದ ಹಾಗೆ ಇನ್ನೊಂದು ಸಿಕ್ತು, ಇದನ್ನ ಹೇಳ್ಲೇಬೇಕು. ಎಲೆಕ್ಟ್ರಿಕಲ್ ಭಾಗದಲ್ಲಿ ‘ಕ್ಲೋಸ್ ದ ಮೇನ್ ಬ್ರೇಕರ್’ ಅಂತ ಇತ್ತು. ಎಲೆಕ್ಟ್ರಿಕಲ್ ಭಾಷೇಲಿ ಬ್ರೇಕರ್ ಕ್ಲೋಸ್ ಅಂದ್ರೆ ಸರ್ಕ್ಯೂಟ್ ಜೋಡಿಸೋದು, ಅಂದ್ರೆ ಆನ್. ವಾಲ್ವ್ ಕ್ಲೋಸ್ ಅಂದ್ರೆ ಬಂದ್. ನಮ್ಮ ಶಾಪ್ ಫ್ಲೋರಲ್ಲಿ ‘ಕ್ಲೋಸ್ ಮಾಡು’ ಅಂದ್ರೆ ಯಾವುದೇ ಆಗ್ಲಿ ಬಂದ್ ಮಾಡು, ಆಫ್ ಮಾಡು ಅಂತಲೇ. ಕನ್ನಡದಲ್ಲಿ ಅದು ‘ಮುಖ್ಯ ಬ್ರೇಕರ್ ಮುಚ್ಚಿ’ ಆಗಿತ್ತು. ಇದನ್ನ ಓದಿದೋನು ಆಫ್ ಮಾಡ್ತಾನೆ, ಅದರಿಂದ ಮೆಷಿನ್ ಸ್ಟಾರ್ಟ್ ಆಗಲ್ಲ ಅಷ್ಟೇ, ಅಪಾಯ ಇಲ್ಲ. ಆದ್ರೆ ಮೂರು ಪುಟದ ಹಿಂದೆ ‘ಓಪನ್ ದ ಬ್ರೇಕರ್ ಬಿಫೋರ್ ವರ್ಕಿಂಗ್ ಆನ್ ದ ಪ್ಯಾನೆಲ್’ ಅಂತಲೂ ಇತ್ತು. ಓಪನ್ ಅಂದ್ರೆ ತೆರೆಯಿರಿ, ತೆರೆಯೋದು ಅಂದ್ರೆ ನೀರಿನ ನಲ್ಲಿ ಥರ ಬಿಡೋದು, ಆನ್ ಮಾಡೋದು. ಆನ್ ಮಾಡಿ ಪ್ಯಾನೆಲಿಗೆ ಕೈ ಹಾಕಿದ್ರೆ ಒಳಗೆ 415 ವೋಲ್ಟ್. ಆವತ್ತಿಂದ ಬ್ರೇಕರಿಗೆ ಓಪನ್ ಕ್ಲೋಸ್ ಬಳಸೋದೇ ನಿಲ್ಲಿಸಿದೀನಿ, ಹಿಡಿಯ ಮೇಲೆ ಅಚ್ಚಾಗಿರೋ ಹಂಗೆ ಆನ್, ಆಫ್. ಹಾಗೇ ‘ಆರಿಸಿ’ ಅನ್ನೋ ಪದಾನೂ ನಿಷೇಧ. ಸ್ಕ್ರೀನಲ್ಲಿ ‘ಮ್ಯಾನ್ಯುಯಲ್ ಮೋಡ್ ಆರಿಸಿ’ ಅಂತಿತ್ತು, ಆಯ್ಕೆ ಮಾಡು ಅಂತ ಅವ್ರ ಅರ್ಥ, ದೀಪ ಆರಿಸೋ ಥರ ಆಫ್ ಮಾಡು ಅಂತ ಓದಿದ್ರೆ ಉಲ್ಟಾ. ಮೇಡಂಗೆ ಇದನ್ನ ಹೇಳಿದಾಗ ಅವ್ರಿಗೇ ನಗು ತಡೆಯೋಕಾಗ್ಲಿಲ್ಲ.

ಹಳೇ ಅನುವಾದದಲ್ಲಿ ಇನ್ನೊಂದಿತ್ತು, ಅಕ್ಯುಮುಲೇಟರಿಗೆ ‘ಸಂಚಾಯಕ’, ಗೇಜಿಗೆ ‘ಒತ್ತಡ ಮಾಪಕ’. ಕೇಳೋಕೆ ಚೆನ್ನಾಗಿದೆ, ನನಗೂ ಕನ್ನಡ ಪದ ಇರ್ಲಿ ಅನ್ನೋ ಆಸೆ ಇದೆ, ಆದ್ರೆ ಅಲ್ಲಿ ಯಾರೂ ಆ ಪದ ಕೇಳೇ ಇರಲಿಲ್ಲ. ಗೇಜ್ ಅಂದ್ರೆ ಎಲ್ರಿಗೂ ಗೊತ್ತು. ಸೇಫ್ಟಿ ಪುಟದಲ್ಲಿ ಭಾಷಾ ಸೇವೆ ಮಾಡೋಕೆ ಹೋಗ್ಬಾರ್ದು ಅಂತ ನನ್ನ ಅಭಿಪ್ರಾಯ, ಬೇಕಾದ್ರೆ ಬೈಯ್ಕೊಳ್ಳಿ.

ಹೊಸ ಪಠ್ಯದ ಮೊದಲ ಕರಡು ರೆಡಿ ಆದ್ಮೇಲೆ ಎರಡು ಪರೀಕ್ಷೆ ಮಾಡಿದ್ವಿ. ಒಂದು, ಮೂಲ ನೋಡಿರದ ಇನ್ನೊಬ್ಬ ಅನುವಾದಕರ ಕೈಲಿ ಕನ್ನಡವನ್ನ ವಾಪಸ್ ಇಂಗ್ಲಿಷಿಗೆ ಮಾಡಿಸೋದು. ಇದರಲ್ಲಿ ತಪ್ಪು ಸಿಗತ್ತೆ, ಆದ್ರೆ ಎಲ್ಲಾ ಸಿಗಲ್ಲ, ಯಾಕಂದ್ರೆ ‘ಇರಬೇಕು’ ವಾಪಸ್ ಹೋದ್ರೆ ಮತ್ತೆ ‘ಶುಡ್ ಬಿ’ ಅಂತಲೇ ಬರತ್ತೆ, ಎರಡೂ ಕಡೆ ಒಂದೇ ಮಬ್ಬು ಇದ್ರೆ ಪೇಪರ್ ಮೇಲೆ ಎಲ್ಲಾ ತಾಳೆ ಆಗತ್ತೆ. ಅದಕ್ಕೆ ಎರಡನೇದು ಬೇಕು. ನಮ್ಮ ಟೆಸ್ಟ್ ಬೇನಲ್ಲಿ ಆಫ್ ಆಗಿರೋ ಮೆಷಿನ್ ಮುಂದೆ ಮೂರು ಜನರನ್ನ ಒಬ್ಬೊಬ್ಬರಾಗಿ ನಿಲ್ಸಿ, ಒಂದೊಂದೇ ಸಾಲು ಜೋರಾಗಿ ಓದಿಸಿ, ‘ಈಗ ಏನ್ ಮಾಡ್ತೀರ, ಕೈ ಇಟ್ಟು ತೋರಿಸಿ, ಮಾಡ್ಬೇಡಿ’ ಅಂತ. ನಾನು ಬಾಯಿ ಬಿಡಂಗಿಲ್ಲ, ಅದೇ ಕಷ್ಟ. ‘ಅದಲ್ಲ ಅದಲ್ಲ’ ಅನ್ನೋಕೆ ನಾಲಿಗೆ ತುದೀಲಿ ಬರತ್ತೆ.

ಮೊದಲನೇ ಸಾಲಲ್ಲೇ ಬಿತ್ತು ಪೆಟ್ಟು. ನಾನು ‘ಅಕ್ಯುಮುಲೇಟರ್ ಪ್ರೆಶರ್ ಬಿಡಿ’ ಅಂತ ಬರೆಸಿದ್ದೆ. ಬ್ಯಾಡಗಿ ಕಡೆಯ ಒಬ್ಬ ಹುಡುಗ ಹತ್ತು ಸೆಕೆಂಡ್ ನೋಡಿ ಸೀದಾ ಬಾಟ್ಲಿ ತುದೀಲಿರೋ ಗ್ಯಾಸ್ ವಾಲ್ವಿನ ಕ್ಯಾಪ್ ಮೇಲೆ ಕೈ ಇಟ್ಟ. “ಇದನ್ನ ಬಿಚ್ಚಬೇಕಲ್ರೀ?” ಅವನ ತರ್ಕ ಸರಿ ಇತ್ತು, ಬಾಟ್ಲಿ ಪ್ರೆಶರ್ ಬಿಡು ಅಂದ್ರೆ ಬಾಟ್ಲಿ ಮೇಲಿರೋ ವಾಲ್ವ್ ತಾನೆ. ಆದ್ರೆ ಅದು ನೈಟ್ರೋಜನ್ ಕಡೆ, ಆ ವಾಲ್ವನ್ನೇ ಬಿಚ್ಚಿದ್ರೆ ಗ್ಯಾಸ್ ನುಗ್ಗತ್ತೆ, ಬಿಡಿಭಾಗ ಹಾರಿ ಮುಖಕ್ಕೆ ಬೀಳ್ಬೋದು. ಬಿಡ್ಬೇಕಿರೋದು ಎಣ್ಣೆ, ಗ್ಯಾಸ್ ಅಲ್ಲ. ನನ್ನ ತಲೇಲಿ ಎಣ್ಣೆ ಅಂತ ಎಷ್ಟು ಗಟ್ಟಿಯಾಗಿ ಕೂತಿತ್ತಂದ್ರೆ ಆ ಪದ ಬರೆಯೋದೇ ಮರೆತಿದ್ದೆ. ಏಳು ವರ್ಷ ಇದೇ ಮೆಷಿನ್ ಬಗ್ಗೆ ಬರೆದಿರೋನಿಗೆ ಇದು ಕಾಣಲ್ಲ, ಮೊದಲ ಸಲ ನೋಡಿದೋನಿಗೆ ಹತ್ತು ಸೆಕೆಂಡ್ ಸಾಕು.

ಎರಡನೇಯವರು ವಯಸ್ಸಾದ ಫಿಟ್ಟರ್, ಅವ್ರು ಪಿ2 ಸರಿಯಾಗೇ ಹುಡುಕಿದ್ರು, ಆಮೇಲೆ ಒಂದು ಪ್ರಶ್ನೆ ಕೇಳಿದ್ರು. “ಈ ಗೇಜೇ ಕೆಟ್ಟು ಸೊನ್ನೇಲಿ ನಿಂತಿದ್ರೆ?” ಹೌದಲ್ವಾ! ಮೊಣಕಾಲ ಮಟ್ಟದಲ್ಲಿರೋ ಗೇಜು, ಟ್ರಾಲಿ ತಾಗಿ ಮುಳ್ಳು ಸಿಕ್ಕಾಕ್ಕೊಂಡಿರೋ ಗೇಜುಗಳನ್ನ ನಾನೇ ಎಷ್ಟೋ ನೋಡಿದೀನಿ. ‘ಸೊನ್ನೆ ತೋರಿಸುವವರೆಗೆ ಕಾಯಿರಿ’ ಅಂದ್ರೆ ಕೆಟ್ಟ ಗೇಜು ಮೊದಲಿಂದಲೇ ಸೊನ್ನೆ ತೋರಿಸತ್ತೆ, ಕಾಯೋದೇ ಬೇಡ. ಹಂಗಾಗಿ ಸೊನ್ನೆ ನೋಡಿದ್ರೆ ಸಾಲದು, ಮುಳ್ಳು ಮೇಲಿಂದ ಇಳಿಯೋದನ್ನ ಕಣ್ಣಾರೆ ನೋಡ್ಬೇಕು ಅಂತ ಬರೀಬೇಕಾಯ್ತು.

ಇದೆಲ್ಲ ಆಗಿ, ಜೆರಾಕ್ಸಿಗೂ ತಡ್ಕೊಳ್ಳೋ ಹಂಗೆ ದೊಡ್ಡಕ್ಷರದಲ್ಲಿ, ಯಾವ ಕ್ರಿಯಾಪದವೂ ಸಾಲಿನ ತುದೀಲಿ ಮುರೀದೇ ಇರೋ ಹಂಗೆ ಕೂರಿಸಿ ಬಂದಿದ್ದು ಇದು:

ಎಚ್ಚರಿಕೆ
ಪಂಪ್ ಆಫ್ ಆದ ಮೇಲೂ ಅಕ್ಯುಮುಲೇಟರ್ ಒಳಗಿನ ಎಣ್ಣೆಯಲ್ಲಿ 160 ಬಾರ್ ಪ್ರೆಶರ್ ಉಳಿದಿರುತ್ತದೆ.
ಪ್ರೆಶರ್ ಉಳಿದಿರುವಾಗ ಫಿಲ್ಟರ್ ಬೌಲ್ ಸಡಿಲವಾದರೆ ಎಣ್ಣೆ ಚಿಮ್ಮಿ ಚರ್ಮದ ಒಳಗೆ ನುಗ್ಗುತ್ತದೆ. ಬೆರಳು, ಕೈ ಅಥವಾ ಜೀವ ಹೋಗುವ ಅಪಾಯ ಇದೆ.
1. ಪಂಪ್ ಆಫ್ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ. ಅದಕ್ಕೆ ಬೀಗ ಹಾಕಿ.
2. ಪಿ2 ಗೇಜ್ ನೋಡಿ. ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳಿ.
3. ಕೆಂಪು ಹಿಡಿಯ ವಾಲ್ವ್ ವಿ7 ಅನ್ನು ಎಡಕ್ಕೆ ನಿಧಾನವಾಗಿ ತಿರುಗಿಸಿ. ಎಣ್ಣೆ ಟ್ಯಾಂಕಿಗೆ ಹೋಗುತ್ತದೆ.
4. ಪಿ2 ಮುಳ್ಳು ಇಳಿಯುವುದನ್ನು ನೋಡಿ. ಮುಳ್ಳು 0 ಮುಟ್ಟುವವರೆಗೆ ಕಾಯಿರಿ.
5. ಮುಳ್ಳು ಅಲ್ಲಾಡದಿದ್ದರೆ ಕೆಲಸ ನಿಲ್ಲಿಸಿ. ಬೌಲ್ ಮುಟ್ಟಬೇಡಿ. ಸರ್ವಿಸ್‌ಗೆ ಫೋನ್ ಮಾಡಿ.
6. ವಿ7 ಅನ್ನು ತೆರೆದೇ ಬಿಡಿ. ಬೌಲ್ ಅನ್ನು ಕೈ ಸ್ಪ್ಯಾನರ್‌ನಿಂದ ಬಿಚ್ಚಿ. ಬೌಲ್ ತಿರುಗದಿದ್ದರೆ ಪೈಪ್ ಹಾಕಬೇಡಿ. 4ನೇ ಹೆಜ್ಜೆಯಿಂದ ಮತ್ತೆ ನೋಡಿ.
ಅಕ್ಯುಮುಲೇಟರ್ ಮೇಲಿರುವ ಗ್ಯಾಸ್ ವಾಲ್ವ್ ಮುಟ್ಟಬೇಡಿ. ಅದರೊಳಗೆ 100 ಬಾರ್ ಗ್ಯಾಸ್ ಯಾವಾಗಲೂ ಇರುತ್ತದೆ.

ಒಂದು ಸಾಲಿದ್ದಿದ್ದು ಹದಿನೈದು ಸಾಲಾಯ್ತು ಅಂತ ಮ್ಯಾನೇಜರ್ ಗೊಣಗಿದ್ರು, ಅನುವಾದಕ್ಕೆ ಪದದ ಲೆಕ್ಕದಲ್ಲಿ ದುಡ್ಡು ಕೊಡೋದು ಅಲ್ವಾ. ಆದ್ರೆ ಜರ್ಮನ್ ಏಜೆನ್ಸಿಯಿಂದ ಪ್ರತಿ ಸಲ ಬರ್ತಿದ್ದ ಪ್ರಶ್ನೆಗಳ ಶೀಟು ಇದೊಂದು ಪುಟಕ್ಕೆ ಖಾಲಿ ಬಂತು. ಎರಡು ಪುಟ ಬಿಟ್ಟು ನಾನಿನ್ನೂ ಮುಟ್ಟದಿರೋ ಲ್ಯೂಬ್ರಿಕೇಷನ್ ಅಧ್ಯಾಯಕ್ಕೆ ಎಂದಿನಂತೆ ಒಂಬತ್ತು ಪ್ರಶ್ನೆ.

ಹೊಸ ಪುಟ ತಗೊಂಡು ಮತ್ತೆ ತುಮಕೂರಿಗೆ ಹೋದ್ವಿ, ಪಿ2 ಗೇಜನ್ನ ಬ್ರಾಕೆಟ್ ಹಾಕಿ ಎದೆ ಮಟ್ಟಕ್ಕೆ ಎತ್ತಿದ್ವಿ, ಅದೇ ಫಿಟ್ಟರ್ ಕೈಲೇ ಹೆಜ್ಜೆ ಹೆಜ್ಜೆಯಾಗಿ ಮಾಡಿಸಿದ್ವಿ. ವಿ7 ತಿರುಗಿಸಿದ, ಮುಳ್ಳು 160ರಿಂದ ನಿಧಾನಕ್ಕೆ ಇಳೀತಾ ಬಂತು, 140, 120, 110. ನೂರರ ಹತ್ರ ಬಂದಿದ್ದೇ ತಡ ದಬಕ್ ಅಂತ ಸೊನ್ನೆಗೆ ಬಿತ್ತು. ಅವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು, “ಗೇಜ್ ಹೋಯ್ತು ಸಾರ್!” ಅಂದ.

ಗೇಜ್ ಹೋಗಿರಲಿಲ್ಲ. ನೂರು ಬಾರ್ ಅನ್ನೋದು ಒಳಗಿನ ಗ್ಯಾಸಿನ ಪ್ರೆಶರ್, ಅಲ್ಲಿವರೆಗೆ ಇಳಿಯೋದ್ರೊಳಗೆ ಎಣ್ಣೆಯೆಲ್ಲ ಹೊರಗೆ ಹೋಗಿರತ್ತೆ, ಚೀಲ ಬಾಟ್ಲಿ ತುಂಬ ಹಿಗ್ಗಿ ಕೂತ್ಬಿಡತ್ತೆ, ಎಣ್ಣೆಯನ್ನ ತಳ್ಳೋಕೆ ಆಮೇಲೆ ಏನೂ ಇರಲ್ಲ, ಅದಕ್ಕೇ ಒಂದೇ ಸಲ ಬೀಳತ್ತೆ. ಅಕ್ಯುಮುಲೇಟರ್ ಜೊತೆ ಕೆಲಸ ಮಾಡಿದೋರು ಅದನ್ನ ನೋಡೇ ಗ್ಯಾಸ್ ಸರಿಯಾಗಿದ್ಯಾ ಅಂತ ಹೇಳ್ತಾರೆ. ನನಗೆ ಗೊತ್ತಿತ್ತು, ಬರೀಬೇಕು ಅಂತ ಹೊಳೆದಿರಲಿಲ್ಲ. ಬೆಚ್ಚಿದೋನು ಮುಂದಿನ ಸಲ 5ನೇ ಹೆಜ್ಜೆ ನೆನೆದು ಕೆಲಸ ನಿಲ್ಲಿಸಿ ಸುಮ್ಮನೆ ನಮಗೆ ಫೋನ್ ಮಾಡ್ತಾನೆ, ಇಲ್ಲಾಂದ್ರೆ ‘ಈ ಗೇಜು ಯಾವಾಗ್ಲೂ ಹಿಂಗೇ’ ಅಂತ ನೋಡೋದೇ ಬಿಡ್ತಾನೆ, ಎರಡನೇದಾದ್ರೆ ಕಷ್ಟ. ಅಲ್ಲೇ ಕೂತು 4ನೇ ಹೆಜ್ಜೆಗೆ ಒಂದು ವಾಕ್ಯ ಸೇರಿಸಿದೆ: ‘ಮುಳ್ಳು 100ರ ಹತ್ತಿರ ಬಂದಾಗ ಒಮ್ಮೆಲೇ 0ಗೆ ಬೀಳುತ್ತದೆ. ಇದು ಸರಿ.’

ಫಿಟ್ಟರ್ ಅದನ್ನ ಓದಿ, ನನ್ನ ಪೆನ್ ಇಸ್ಕೊಂಡು, ನೇತು ಹಾಕಿದ್ದ ಹಳೇ ಜೆರಾಕ್ಸ್ ಮೇಲೆ ಅಡ್ಡ ಗೆರೆ ಎಳೆದು ಹರಿದು ಹಾಕಿದ.